ಸೂತ್ರ 17.5 ಅಂದರೆ 17.5 ಹಾಕಬೇಕಾ?

ಪ್ರಶ್ನೆ: ಸರ್, ಕಲಬುರಗಿ ಗಂಜ್‌ನಲ್ಲಿ ನಮ್ಮದು ತೊಗರಿ ಅಡತಿ ಅಂಗಡಿ. ಎರಡು ಲಕ್ಷ ಬೇರೆ ಇಟ್ಟುಕೊಂಡು ಷೇರು ವಹಿವಾಟು ಮಾಡುತ್ತೇನೆ. ಇದುವರೆಗಿನ 60 ವಹಿವಾಟನ್ನು ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ. 27 ಗೆದ್ದಿದ್ದೇನೆ, ಸರಾಸರಿ ಲಾಭ 3,000. 33 ಸೋತಿದ್ದೇನೆ, ಸರಾಸರಿ ನಷ್ಟ 1,500. ಒಂದು ವಹಿವಾಟಿಗೆ ಬಂಡವಾಳದ ಎಷ್ಟು ಪಾಲು ಹಾಕಬೇಕು ಅಂತ ಹೇಳುವ ಕೆಲ್ಲಿ ಸೂತ್ರಕ್ಕೆ ಇದನ್ನು ಹಾಕಿದರೆ 17.5% ಬರುತ್ತದೆ. ಗೆಳೆಯ "ಅದರಲ್ಲಿ ಕಾಲು ಭಾಗ ಸಾಕು" ಅಂತಾನೆ. ಸೂತ್ರ ಸರಿ ಇದ್ದರೆ ಯಾಕೆ ಕತ್ತರಿಸಬೇಕು?

ಉತ್ತರ: ನಿಮ್ಮ ಲೆಕ್ಕ ಸರಿ ಇದೆ. 1956ರಲ್ಲಿ ಬೆಲ್ ಲ್ಯಾಬ್ಸ್‌ನ ಜಾನ್ ಕೆಲ್ಲಿ ಕೊಟ್ಟ ಸೂತ್ರ ಇದು:

```
f = p - (1 - p) / b
```

f ಅಂದರೆ ಒಂದು ವಹಿವಾಟಿಗೆ ಹಾಕಬೇಕಾದ ಬಂಡವಾಳದ ಪಾಲು. p ಅಂದರೆ ಗೆಲ್ಲುವ ಪಾಲು, 27/60, ಅಂದರೆ 0.45. b ಅಂದರೆ ಸರಾಸರಿ ಲಾಭವನ್ನು ಸರಾಸರಿ ನಷ್ಟದಿಂದ ಭಾಗಿಸಿದ್ದು, ನಿಮಗೆ 2. ಹಾಗಾಗಿ 0.45 - 0.55/2 = 0.175.

ಮೊದಲು ಒಂದು ಮಾತು. ಈ 17.5% ಷೇರು ಕೊಳ್ಳುವ ಹಣ ಅಲ್ಲ, ಸೋತರೆ ಹೋಗುವ ಹಣ. ಎರಡು ಲಕ್ಷಕ್ಕೆ 35,000 ರೂಪಾಯಿ. 500 ರೂಪಾಯಿಯ ಷೇರಿಗೆ 450ರಲ್ಲಿ ಸ್ಟಾಪ್‌ಲಾಸ್, ಅಂದರೆ ಅಲ್ಲಿಗೆ ಇಳಿದರೆ ಮಾರಿಬಿಡುವ ಆದೇಶ, ಇಟ್ಟರೆ ಷೇರಿಗೆ 50 ನಷ್ಟ. ಅಲ್ಲಿಗೆ 700 ಷೇರು, ಮೂರೂವರೆ ಲಕ್ಷ! ನಿಮ್ಮ ಬಂಡವಾಳಕ್ಕಿಂತ ಜಾಸ್ತಿ. ಸಾಲದ ಮಾರ್ಜಿನ್ ಇಲ್ಲದೆ ಅದು ಆಗುವುದೇ ಇಲ್ಲ. ಕಾಲು ಭಾಗ ಹಾಕಿದರೆ 8,750 ರೂಪಾಯಿ, 175 ಷೇರು, 87,500.

ಈಗ ಯಾಕೆ ಕತ್ತರಿಸಬೇಕು ಅನ್ನುವುದು. ಸೂತ್ರಕ್ಕೆ ನಿಜವಾದ p ಬೇಕು. ನಿಮ್ಮ ಹತ್ತಿರ ಇರುವುದು 60 ವಹಿವಾಟಿನಿಂದ ಊಹಿಸಿದ p. ಚೀಲದಿಂದ ಒಂದು ಹಿಡಿ ತೊಗರಿ ತೆಗೆದು ಇಡೀ ಲಾಟ್‌ಗೆ ಬೆಲೆ ಕಟ್ಟಿದ ಹಾಗೆ. ಇನ್ನೊಂದು ಹಿಡಿಯಲ್ಲಿ ಕಲ್ಲು, ಕಸ ಎಷ್ಟು ಬರುತ್ತದೋ ಯಾರಿಗೆ ಗೊತ್ತು?

60 ವಹಿವಾಟಿನಲ್ಲಿ ಬರೀ ಅದೃಷ್ಟದಿಂದ ಗೆಲುವು ನಾಲ್ಕು ಹೆಚ್ಚು ಕಡಿಮೆ ಆಗುವುದು ತೀರಾ ಸಾಮಾನ್ಯ. ನಿಮ್ಮ 27ರಲ್ಲಿ ನಾಲ್ಕು ಸುಮ್ನೆ ಅದೃಷ್ಟದ್ದು, ನಿಜವಾದ ಕೈಚಳಕ 23ರದ್ದು ಅಂದುಕೊಳ್ಳಿ. ಆಗ ಸೂತ್ರದ ಉತ್ತರ 7.5%ಗೆ ಇಳಿಯುತ್ತದೆ. ನೀವು ಮಾತ್ರ 17.5% ಹಾಕುತ್ತಿದ್ದೀರಿ, ಅಂದರೆ ಎರಡು ಪಟ್ಟಿಗಿಂತ ಹೆಚ್ಚು. ಅಲ್ಲಿ ಬೇರೆಯೇ ಆಟ ಶುರು. ಸರಿಯಾದ ಪ್ರಮಾಣದ ಸುಮಾರು ಎರಡು ಪಟ್ಟು ಹಾಕಿದರೆ ದೀರ್ಘಕಾಲದ ಬೆಳವಣಿಗೆ ಸೊನ್ನೆಯಾಗುತ್ತದೆ. ಅದನ್ನೂ ದಾಟಿದರೆ ಗೆಲ್ಲುವ ವಿಧಾನ ಕೈಯಲ್ಲಿದ್ದೂ ಬಂಡವಾಳ ಕರಗುತ್ತದೆ. ಇಲ್ಲಿ ವಹಿವಾಟಿಗೆ ಸುಮಾರು 0.4% ಕರಗುತ್ತದೆ. ಇದೇ p ಇಟ್ಟುಕೊಂಡು ಅರ್ಧ ಭಾಗ, 8.75% ಹಾಕಿದ್ದರೆ ವಹಿವಾಟಿಗೆ ಸುಮಾರು 0.5% ಬೆಳೆಯುತ್ತಿತ್ತು.

ಬಿಟ್ಟುಕೊಡುವುದು ಎಷ್ಟು ಅಂತ ಕೇಳಬಹುದು. ನಿಮ್ಮ 0.45 ನಿಜವೇ ಆಗಿದ್ದರೆ, ಪೂರ್ತಿ ಹಾಕಿದಾಗ ವಹಿವಾಟಿಗೆ ಸುಮಾರು 2.9%, ಅರ್ಧ ಹಾಕಿದಾಗ 2.2%. ಅಂದರೆ ಅರ್ಧ ಹಾಕಿದರೂ ಬೆಳವಣಿಗೆಯ ಮುಕ್ಕಾಲು ಪಾಲು ಉಳಿಯುತ್ತದೆ, ಏರಿಳಿತ ಅರ್ಧವಾಗುತ್ತದೆ. ನನ್ನ ಮಟ್ಟಿಗೆ ಇದಕ್ಕಿಂತ ಅಗ್ಗದ ವಿಮೆ ಇಲ್ಲ.

ಏರಿಳಿತ ಅಂದೆನಲ್ಲ, ಅದನ್ನು ರೂಪಾಯಿಯಲ್ಲೇ ನೋಡಿ. ನಿಮ್ಮ ಸೋಲಿನ ದರಕ್ಕೆ 60 ವಹಿವಾಟಿನಲ್ಲಿ ಒಮ್ಮೆಯಾದರೂ ಸತತ ಐದು ಸೋಲು ಬರುವ ಸಾಧ್ಯತೆ, ಬಾರದಿರುವುದಕ್ಕಿಂತ ಜಾಸ್ತಿ. ಪೂರ್ತಿ ಹಾಕಿದ್ದರೆ ಎರಡು ಲಕ್ಷ 76,000 ಆಸುಪಾಸಿಗೆ ಬರುತ್ತದೆ. ಅರ್ಧ ಹಾಕಿದ್ದರೆ 1.27 ಲಕ್ಷ, ಕಾಲು ಹಾಕಿದ್ದರೆ 1.6 ಲಕ್ಷ. ನಾನೂ ಒಂದು ಕಾಲದಲ್ಲಿ ಪೂರ್ತಿ ಹಾಕಿ, ಐದನೇ ಸೋಲಿಗೆ ಗಾಬರಿಯಾಗಿ ವಹಿವಾಟೇ ನಿಲ್ಲಿಸಿದ್ದೆ. ಆರನೆಯದು ಗೆಲುವಾಗಿತ್ತು. ಸೂತ್ರಕ್ಕೆ ಎದೆ ಬಡಿತ ಇಲ್ಲ, ನಮಗಿದೆ ಅಲ್ವಾ?

ಇನ್ನು b ಕೂಡ ಪೂರ್ತಿ ನಂಬುವ ಹಾಗಿಲ್ಲ. ಷೇರು 450 ಮುಟ್ಟದೆ ಬೆಳಿಗ್ಗೆ ನೇರ 430ಕ್ಕೆ ತೆರೆದರೆ ನಷ್ಟ 50 ಅಲ್ಲ, 70. ದಲ್ಲಾಳಿ ಶುಲ್ಕ, ತೆರಿಗೆ ಕಳೆದು ಲಾಭ ಬರೆದಿದ್ದೀರಾ, ಅದನ್ನೂ ನೋಡಿ. ಒಂದೇ ವಲಯದ ಮೂರು ಷೇರು ಒಟ್ಟಿಗೆ ಹಿಡಿದಿದ್ದರೆ, ಕಾಲು ಭಾಗವನ್ನು ಮೂರಕ್ಕೂ ಸೇರಿಸಿ ಲೆಕ್ಕ ಹಾಕಿ, ಒಂದೊಂದಕ್ಕೂ ಅಲ್ಲ. ಅವು ಬಿದ್ದರೆ ಕೂಡಿಯೇ ಬೀಳುತ್ತವೆ.

ನಿಮ್ಮ ಗೆಳೆಯನ ಮಾತು ಕೇಳಿ. ಸದ್ಯ ಕಾಲು ಭಾಗ, 4.4% ಹತ್ತಿರ ಇಡಿ. ನೋಟ್‌ಬುಕ್ಕಿನಲ್ಲಿ 200 ವಹಿವಾಟು ಆದ ಮೇಲೆ p, b ಮತ್ತೆ ತೆಗೆಯಿರಿ. ಗೆಲುವಿನ ಪಾಲು ಆಗಲೂ 45ರ ಆಸುಪಾಸಿನಲ್ಲೇ ಇದ್ದರೆ ಅರ್ಧಕ್ಕೆ ಏರಿಸುವ ಯೋಚನೆ ಮಾಡಬಹುದು. 33ಕ್ಕೆ ಬಂದಿದ್ದರೆ ಸೂತ್ರ ಸೊನ್ನೆ ಅನ್ನುತ್ತದೆ. ಆಗ ಎಷ್ಟು ಹಾಕಬೇಕು ಅನ್ನುವ ಪ್ರಶ್ನೆಯೇ ಇಲ್ಲ, ವಿಧಾನವನ್ನೇ ಬದಲಾಯಿಸಬೇಕು.