ಸಹಿ ಹಾಕದ ಒಪ್ಪಂದವೇ ನಮ್ಮ ಹಡಗನ್ನು ಹಿಡಿದು ನಿಲ್ಲಿಸಿತು

ಪ್ರಶ್ನೆ: ಜಗತ್ತಿಗೆಲ್ಲ ಒಂದು ಸರ್ಕಾರ ಅಂತ ಇಲ್ಲ, ಪೊಲೀಸರಿಲ್ಲ. ಆದರೂ ದೇಶಗಳು ಅಂತಾರಾಷ್ಟ್ರೀಯ ಕಾನೂನನ್ನು ಬಹುಪಾಲು ಪಾಲಿಸೋದು ಯಾಕೆ? ಸಹಿ ಹಾಕದಿದ್ದರೆ ಮುಗೀತಲ್ವಾ?

ನಾನೂ ಹಾಗೇ ಅಂದುಕೊಂಡಿದ್ದೆ. ಅಂದುಕೊಂಡು ಸುಮ್ಮನಿದ್ದರೆ ಪರವಾಗಿರಲಿಲ್ಲ, ಮೇಲ್‌ನಲ್ಲಿ ಬರೆದೂ ಕಳಿಸಿದೆ. ಆ ಎರಡು ಸಾಲಿನ ಮೇಲ್‌ನಿಂದ ಒಂದು ಹಡಗು ಮೂರು ದಿನ ನಿಂತುಬಿಟ್ಟಿತು.

2014ರ ಮಾತು. ಧಾರವಾಡದಲ್ಲಿ ಎಲ್‌ಎಲ್‌ಬಿ ಮುಗಿಸಿ ಗೋವಾದ ವಾಸ್ಕೋದಲ್ಲಿ ಹಡಗುಗಳ ನಿರ್ವಹಣೆ ನೋಡಿಕೊಳ್ಳುವ ಸಣ್ಣ ಕಚೇರಿಯೊಂದಕ್ಕೆ ಸೇರಿದ್ದೆ. ಕಾಗದಪತ್ರ ನನ್ನ ಪಾಲು. ಕಚೇರಿಯಲ್ಲಿ ಕಾನೂನು ಓದಿದವನು ನಾನೊಬ್ಬನೇ, ಹಾಗಾಗಿ ಸ್ವಲ್ಪ ಕೊಬ್ಬೂ ಇತ್ತು. ಭಾರತದ ಧ್ವಜದ ಒಂದು ಸರಕು ಹಡಗು ಯುರೋಪಿಗೆ ಹೊರಟಿತ್ತು. ಕ್ಯಾಪ್ಟನ್ ಕೇಳಿದ್ದರು: "ಎಂಎಲ್‌ಸಿ ಕಾಗದ ಏನಾದರೂ ಬೇಕಾ?"

ಎಂಎಲ್‌ಸಿ ಅಂದರೆ ಹಡಗಿನ ಕೆಲಸಗಾರರ ಸಂಬಳ, ವಿಶ್ರಾಂತಿ, ಊಟ, ಕ್ಯಾಬಿನ್ ಹೇಗಿರಬೇಕು ಅಂತ ಹೇಳುವ ಒಪ್ಪಂದ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2006ರಲ್ಲಿ ಮಾಡಿದ್ದು, ಜಾರಿಗೆ ಬಂದದ್ದು 2013ರ ಆಗಸ್ಟ್ 20ಕ್ಕೆ. ಭಾರತ ಆಗಿನ್ನೂ ಅದಕ್ಕೆ ಸೇರಿರಲಿಲ್ಲ. ನಾನು ಬರೆದೆ: "ಭಾರತ ಈ ಒಪ್ಪಂದದಲ್ಲಿಲ್ಲ. ನಮ್ಮ ಹಡಗಿಗೆ ಅನ್ವಯಿಸುವುದಿಲ್ಲ."

ಹಡಗು ಅಲ್ಲಿ ಕಟ್ಟೆಗೆ ಬಂದು ನಿಂತ ದಿನವೇ ಬಂದರಿನ ಇನ್‌ಸ್ಪೆಕ್ಟರ್ ಏಣಿ ಹತ್ತಿ ಬಂದರು. ಧ್ವಜ ಯಾವುದು, ಯಾರ ಸಹಿ ಇದೆ, ಒಂದನ್ನೂ ಚರ್ಚೆಗೆ ತೆಗೆದುಕೊಳ್ಳಲಿಲ್ಲವಂತೆ. ನೇರವಾಗಿ ವಿಶ್ರಾಂತಿಯ ಪುಸ್ತಕ ಕೇಳಿದರು. ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಸಿಕ್ಕಿದೆ ಅಂತ ಅದರಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಇರಬೇಕು. ಇತ್ತು. ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ, ಇಪ್ಪತ್ತಾರನೇ ತಾರೀಕು ಬೆಳಿಗ್ಗೆಗಾಗಲೇ ಮೂವತ್ತನೇ ತಾರೀಕಿನ ತನಕ ತುಂಬಿಟ್ಟಿತ್ತು! ಅಲ್ಲಿಂದ ಅವರ ಅನುಮಾನ ಸಂಬಳದ ಚೀಟಿಗೆ ಹೋಯಿತು. ತಿಂಗಳಿಗೊಮ್ಮೆ ಸಂಬಳ ಆಗಬೇಕೆಂಬುದು ನಿಯಮ, ನಮ್ಮಲ್ಲಿ ಆರು ಜನರಿಗೆ ಮೂರು ತಿಂಗಳ ಬಾಕಿ. ಬಾಕಿ ಬ್ಯಾಂಕಿಗೆ ಬಿದ್ದ ರಸೀದಿ ತೋರಿಸುವ ತನಕ ಹಡಗು ಕದಲುವಂತಿಲ್ಲ ಎಂದು ಬರೆದು ಕೊಟ್ಟು ಇಳಿದು ಹೋದರು.

ನಾನು ಮಾಡಿದ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ನಿಮ್ಮ ಪ್ರಶ್ನೆಯೊಳಗೂ ಅದೇ ಕೂತಿದೆ. ದೇಶಗಳ ನಡುವಿನ ಒಪ್ಪಂದಗಳಿಗೆ ನಿಯಮ ಹಾಕುವ ವಿಯೆನ್ನಾ ಒಪ್ಪಂದದ 34ನೇ ವಿಧಿ ನನಗೆ ಬಾಯಿಪಾಠ: ಒಪ್ಪದ ದೇಶದ ಮೇಲೆ ಒಪ್ಪಂದ ಯಾವ ಹೊಣೆಯನ್ನೂ ಹೊರಿಸುವುದಿಲ್ಲ. ಅದು ಇವತ್ತಿಗೂ ಸರಿ. ಭಾರತದ ಮೇಲೆ ಯಾರೂ ಏನನ್ನೂ ಹೊರಿಸಲಿಲ್ಲ. ಆದರೆ ಹಡಗು ನಿಂತಿದ್ದು ಭಾರತದಲ್ಲಲ್ಲ. ಬಂದರಿನ ನೀರು ಆ ದೇಶದ ಒಳಗಿನ ನೀರು, ಅದರ ಅಂಗಳವಿದ್ದ ಹಾಗೆ. ಅಂಗಳಕ್ಕೆ ಕಾಲಿಡುವವರು ಹೇಗಿರಬೇಕು ಅಂತ ಹೇಳುವ ಹಕ್ಕು ಮನೆಯವರದ್ದು. ಎಂಎಲ್‌ಸಿಯ 5ನೇ ವಿಧಿಯ ಕೊನೆಯಲ್ಲಿ ಒಂದು ಪುಟ್ಟ ವಾಕ್ಯವಿದೆ: ಒಪ್ಪಂದಕ್ಕೆ ಸೇರದ ದೇಶದ ಹಡಗುಗಳಿಗೆ ಸೇರಿದವರ ಹಡಗಿಗಿಂತ ಹೆಚ್ಚಿನ ಅನುಕೂಲ ಸಿಗದಂತೆ ಸದಸ್ಯ ದೇಶಗಳು ನೋಡಿಕೊಳ್ಳಬೇಕು. ನಾನು ಒಪ್ಪಂದ ಓದಿದ್ದೆ, ಆ ವಾಕ್ಯವನ್ನು ದಾಟಿಕೊಂಡು ಹೋಗಿದ್ದೆ. ಅದರ ಪರಿಣಾಮ ನೋಡಿ: ಸೇರದಿದ್ದವರಿಗೆ ತಪಾಸಣೆ ತಪ್ಪಲಿಲ್ಲ, ಆದರೆ ಸೇರಿದವರ ಹಡಗಿನಲ್ಲಿರುವ ಪ್ರಮಾಣಪತ್ರ ಮಾತ್ರ ಇಲ್ಲ. ಪ್ರಮಾಣಪತ್ರ ಇದ್ದವರದ್ದು ಸಾಮಾನ್ಯವಾಗಿ ಕಾಗದ ನೋಡಿ ಮುಗಿಯುತ್ತದೆ, ಇಲ್ಲದವರ ಅಡುಗೆಮನೆ ಫ್ರಿಜ್ಜಿನ ತನಕ ಇಣುಕಿ ನೋಡುತ್ತಾರೆ. ಹೊರಗುಳಿದದ್ದೇ ತುಟ್ಟಿಯಾಯಿತು.

ನಮ್ಮ ಕ್ಯಾಷಿಯರ್ ಗದಗಿನವರು, ಎಸ್ಸೆಸ್ಸೆಲ್ಸಿ ಓದಿದವರು. ಮೂರು ದಿನದ ಬಾಡಿಗೆ ಹೋದ ಲೆಕ್ಕ ಬರೆಯುತ್ತಾ ಅಂದರು: "ಅಲ್ಲೋ ತಮ್ಮಾ, ಹಡಗಕ್ಕ ಬಂದರ ಬೇಕು. ಬಂದರಕ್ಕ ಈ ಹಡಗ ಇಲ್ಲಾಂದ್ರ ಇನ್ನೊಂದು ಬರತೈತಿ. ಇದನ್ನ ಕಾಲೇಜಿನ್ಯಾಗ ಹೇಳಿಕೊಡಲಿಲ್ಲೇನು?"

ಇಲ್ಲ, ಹೇಳಿಕೊಟ್ಟಿರಲಿಲ್ಲ.

ದಂಡ ಮೂರು ದಿನಕ್ಕೇ ಮುಗಿಯಲೂ ಇಲ್ಲ. ಯುರೋಪಿನ ಬಂದರುಗಳು 1982ರಿಂದ ಪ್ಯಾರಿಸ್ ಎಂಒಯು ಅನ್ನುವ ಏರ್ಪಾಟಿನಲ್ಲಿ ಒಂದಾಗಿವೆ. ಒಂದು ಬಂದರಿನಲ್ಲಿ ಸಿಕ್ಕಿಬಿದ್ದದ್ದು ಉಳಿದವಕ್ಕೆಲ್ಲ ಕಂಪ್ಯೂಟರಿನಲ್ಲಿ ಕಾಣುತ್ತದೆ. ಒಳ್ಳೆಯ ಹೆಸರಿನ ಹಡಗನ್ನು ಎರಡು ಮೂರು ವರ್ಷಕ್ಕೊಮ್ಮೆ ನೋಡಿದರೆ, ಕೆಟ್ಟ ಹೆಸರಿನದ್ದನ್ನು ಐದಾರು ತಿಂಗಳಿಗೊಮ್ಮೆ ನೋಡುತ್ತಾರೆ. ಧ್ವಜಗಳಿಗೂ ಬಿಳಿ, ಬೂದು, ಕಪ್ಪು ಅಂತ ಪಟ್ಟಿ ಇದೆ. ಮೂರು ವರ್ಷದ ತಪಾಸಣೆಯಲ್ಲಿ ಆ ಧ್ವಜದ ಎಷ್ಟು ಹಡಗು ತಡೆಹಿಡಿಯಲ್ಪಟ್ಟವು ಅನ್ನೋದರ ಮೇಲೆ ಅದನ್ನು ಲೆಕ್ಕ ಹಾಕುತ್ತಾರೆ. ಹಿಂದೂ ಮಹಾಸಾಗರಕ್ಕೂ ಇಂಥದ್ದೇ ಏರ್ಪಾಟು 1999ರಿಂದ ನಡೆಯುತ್ತಿದೆ, ಅದರ ಕಾರ್ಯಾಲಯ ಇರೋದು ನಾನು ಕೆಲಸ ಮಾಡುತ್ತಿದ್ದ ಈ ಗೋವಾದಲ್ಲೇ. ದೀಪದ ಕೆಳಗೆ ಕತ್ತಲೆ ಅನ್ನೋದು ಇದಕ್ಕೇ.

ದೇಶಗಳು ಯಾಕೆ ಪಾಲಿಸುತ್ತವೆ ಅನ್ನುವುದಕ್ಕೆ ಉತ್ತರ ನನಗೆ ಸಿಕ್ಕಿದ್ದು ಲೈಬೀರಿಯಾದಲ್ಲಿ. ಎಂಎಲ್‌ಸಿಗೆ ಮೊಟ್ಟಮೊದಲು ಸೇರಿದ ದೇಶ ಅದು, 2006ರ ಜೂನ್‌ನಲ್ಲಿ. ಅಂತರ್ಯುದ್ಧ ಮುಗಿದು ಮೂರೇ ವರ್ಷವಾಗಿದ್ದ ದೇಶಕ್ಕೆ ಕಡಲ ಕಾರ್ಮಿಕರ ಹಾಸಿಗೆಯ ಚಿಂತೆ ಯಾಕೆ? ಅದಕ್ಕೆ ಧ್ವಜ ಕೊಡೋದೇ ವ್ಯಾಪಾರ. ಎಲ್ಲೆಲ್ಲಿಯವರೋ ಶುಲ್ಕ ಕೊಟ್ಟು ತಮ್ಮ ಹಡಗನ್ನು ಅಲ್ಲಿ ನೋಂದಾಯಿಸುತ್ತಾರೆ. ಲೈಬೀರಿಯಾದ ಧ್ವಜವಿದ್ದರೆ ಬಂದರಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತೇವೆ ಅಂತ ಮಾಲೀಕರಿಗೆ ಅನ್ನಿಸಿದ ದಿನ ಅವರು ಧ್ವಜ ಬದಲಿಸುತ್ತಾರೆ, ಶುಲ್ಕ ಇನ್ನೊಂದು ದೇಶಕ್ಕೆ ಹೋಗುತ್ತದೆ. ಅದರ ಬೆನ್ನಿಗೇ ಮಾರ್ಷಲ್ ದ್ವೀಪಗಳು, ಬಹಾಮಾಸ್, ಪನಾಮಾ ಸೇರಿದವು. ಎಲ್ಲವೂ ಅದೇ ಅಂಗಡಿಯವೇ. ಒಪ್ಪಂದ ಬರೆದವರೂ ಜಾಣರು: 30 ದೇಶ ಸೇರಿದರೆ ಸಾಲದು, ಅವುಗಳ ಧ್ವಜದಡಿ ಜಗತ್ತಿನ ಹಡಗುಗಳ ಟನ್ನೇಜು, ಅಂದರೆ ಒಟ್ಟು ಗಾತ್ರದಲ್ಲಿ ಶೇ. 33 ಇರಬೇಕು, ಆಗಲೇ ಜಾರಿ ಅಂತ ಬರೆದಿದ್ದರು.

ಹಾಗಾಗಿ "ಜಾರಿ ಮಾಡುವವರೇ ಇಲ್ಲ" ಅನ್ನುವ ನಿಮ್ಮ ಮಾತನ್ನೇ ನಾನು ಒಪ್ಪಲ್ಲ. ಮೇಲೊಬ್ಬ ಪೊಲೀಸ್ ಇಲ್ಲ, ನಿಜ. ಆದರೆ ಪ್ರತಿ ಬಂದರಿನಲ್ಲೂ ಒಂದು ಸರ್ಕಾರ ಇದೆ, ಅದು ತನ್ನ ಬಾಗಿಲನ್ನು ತಾನು ಕಾಯುತ್ತದೆ. ಪರೀಕ್ಷೆಗೆ ಓದುತ್ತಿದ್ದರೆ ಪುಸ್ತಕದವರು ಹೇಳುವ ಮರ್ಯಾದೆ, ಅಭ್ಯಾಸ, ನ್ಯಾಯಸಮ್ಮತತೆ ಎಲ್ಲ ಬರೆಯಿರಿ, ಅವೂ ಇವೆ. ನಾನು ಕಂಡದ್ದು ಬಾಗಿಲು.

ಬಾಗಿಲೇ ಬೇಡ ಅನ್ನುವವರ ಮುಂದೆ ಇದು ನಡೆಯಲ್ಲ. ಯುದ್ಧನೌಕೆಯನ್ನು ಯಾವ ಇನ್‌ಸ್ಪೆಕ್ಟರೂ ಹತ್ತುವಂತಿಲ್ಲ. ನಿರ್ಬಂಧ ತಪ್ಪಿಸಿ ತೈಲ ಸಾಗಿಸುವ ಹಳೇ ಟ್ಯಾಂಕರ್‌ಗಳು ಸುಳ್ಳು ಧ್ವಜ ಹಾರಿಸಿ, ಕಟ್ಟುನಿಟ್ಟಿನ ಬಂದರುಗಳ ಕಡೆ ತಲೆಹಾಕದೆ ಓಡಾಡುತ್ತವೆ. ದೂರ ಯಾಕೆ, ಗೋವಾವನ್ನೇ ತೆಗೆದುಕೊಳ್ಳಿ. ದಾದ್ರಾ ನಗರ ಹವೇಲಿಗೆ ಭಾರತದ ನೆಲದ ಮೂಲಕ ದಾರಿ ಬಿಡಬೇಕೆಂದು ಪೋರ್ಚುಗಲ್ 1955ರಲ್ಲಿ ಹೇಗ್‌ನ ಕೋರ್ಟಿಗೆ ಹೋಯಿತು. ಈ ಕೇಸು ಕೇಳುವ ಅಧಿಕಾರ ಕೋರ್ಟಿಗಿಲ್ಲ ಅಂತ ಭಾರತ ಆಕ್ಷೇಪ ತೆಗೆಯಿತು, ಆದರೂ ಎದ್ದು ಹೋಗದೆ 1960ರಲ್ಲಿ ತೀರ್ಪು ಬರುವ ತನಕ ವಕೀಲರನ್ನಿಟ್ಟು ವಾದಿಸಿತು. ಅದೇ ಭಾರತ 1961ರ ಡಿಸೆಂಬರ್‌ನಲ್ಲಿ ಗೋವಾಕ್ಕೆ ಸೈನ್ಯ ಕಳಿಸಿತು. ಭದ್ರತಾ ಮಂಡಳಿಗೆ ದೂರು ಹೋಯಿತು, ಸೋವಿಯತ್ ಒಕ್ಕೂಟ ವೀಟೊ ಹಾಕಿತು. ವಾಸ್ಕೋದಲ್ಲಿ ಕೂತು ಅದನ್ನು ತಪ್ಪು ಅಂತ ನಾನಂತೂ ಹೇಳಲಾರೆ. ಆದರೆ ಒಂದು ದೇಶಕ್ಕೆ ಯಾವುದಾದರೂ ಅಷ್ಟು ಬೇಕೇಬೇಕು ಅನ್ನಿಸಿದಾಗ ಕಾನೂನು ಎಷ್ಟು ಹಿಡಿದೀತು ಅನ್ನೋದು ಅಲ್ಲಿ ಕಾಣುತ್ತದೆ.

ಭಾರತ 2015ರ ಅಕ್ಟೋಬರ್ 9ಕ್ಕೆ ಎಂಎಲ್‌ಸಿಗೆ ಸೇರಿತು. ಸುದ್ದಿ ಬಂದಾಗ ಕ್ಯಾಷಿಯರ್ ಹಳೇ ಲೆಕ್ಕದ ಪುಸ್ತಕ ತೆರೆದು, ಆ ಮೂರು ದಿನದ ಮೊತ್ತದ ಮೇಲೆ ಬೆರಳಿಟ್ಟು, ನನ್ನ ಕಡೆ ಒಮ್ಮೆ ನೋಡಿ, ಚಹಾ ತರಲು ಹುಡುಗನನ್ನು ಕೂಗಿದರು.