ಬಲ್ಲವರ ಕೈಗೂ ಕಟ್ಟು ಏಕೆ?

ಓದುಗರ ಪತ್ರ: ರಿಸರ್ವ್ ಬ್ಯಾಂಕಿನಲ್ಲಿ ನುರಿತ ಅರ್ಥಶಾಸ್ತ್ರಜ್ಞರೇ ಇರುವಾಗ, ಹಣದುಬ್ಬರ ಶೇ. 4ರಷ್ಟೇ ಇರಬೇಕೆಂದು ಕಾನೂನಿನಿಂದ ಅವರನ್ನು ಕಟ್ಟಿಹಾಕುವುದೇಕೆ? ಆಯಾ ಹೊತ್ತಿಗೆ ಯಾವುದು ಸರಿಯೋ ಅದನ್ನು ಮಾಡಲು ಬಿಟ್ಟರೆ ಒಳ್ಳೆಯದಲ್ಲವೇ?
– ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ: ಅಧಿಕಾರಿ ಅಜ್ಞಾನಿಯಾಗಿದ್ದರೆ ಅಥವಾ ಸ್ವಾರ್ಥಿಯಾಗಿದ್ದರೆ ಮಾತ್ರ ನಿಯಮ ಬೇಕು ಎಂದು ನಾವೆಲ್ಲರೂ ಸಹಜವಾಗಿ ಭಾವಿಸುತ್ತೇವೆ. ಫಿನ್ ಕಿಡ್‌ಲ್ಯಾಂಡ್ ಮತ್ತು ಎಡ್ವರ್ಡ್ ಪ್ರೆಸ್ಕಾಟ್ ಎಂಬ ಅರ್ಥಶಾಸ್ತ್ರಜ್ಞರು 1977ರಲ್ಲಿ ತೋರಿಸಿಕೊಟ್ಟದ್ದು ಇದಕ್ಕಿಂತ ವಿಚಿತ್ರವಾದ ಸಂಗತಿ. ಅಧಿಕಾರಿ ಬಲ್ಲವನೂ ಜನಹಿತವನ್ನೇ ಬಯಸುವವನೂ ಆಗಿದ್ದು, ಆಯಾ ಹೊತ್ತಿಗೆ ಸರಿಯೆನಿಸಿದ್ದನ್ನೇ ಮಾಡುತ್ತ ಹೋದರೂ ಜನರಿಗೆ ಕೆಟ್ಟ ಫಲವೇ ಸಿಗಬಹುದು. ಇಂದು ಆಡಿದ ಮಾತನ್ನು ನಾಳೆ ಉಳಿಸಿಕೊಳ್ಳಲು ಕಾರಣವೇ ಇಲ್ಲದಂತಾಗುವ ಈ ತೊಡಕಿಗೆ ಕಾಲ-ಅಸಂಗತತೆ ಎನ್ನಬಹುದು.

ಒಂದು ಸಣ್ಣ ಲೆಕ್ಕ ಹಾಕೋಣ; ಅಂಕಿಗಳು ನಾನೇ ಕಲ್ಪಿಸಿಕೊಂಡವು. ಒಂದು ದೇಶದಲ್ಲಿ ಕಾರ್ಮಿಕರು ಏಪ್ರಿಲ್‌ನಲ್ಲಿ ಇಡೀ ವರ್ಷದ ಕೂಲಿ ಒಪ್ಪಂದಕ್ಕೆ ಸಹಿ ಹಾಕುತ್ತಾರೆ. ಬೆಲೆ ಎಷ್ಟು ಏರಬಹುದೆಂದು ಅಂದಾಜು ಮಾಡಿ, ಅದಕ್ಕೆ ತಕ್ಕಷ್ಟು ಕೂಲಿ ಏರಿಸಿಕೊಳ್ಳುತ್ತಾರೆ. ಆ ಅಂದಾಜಿಗಿಂತ ಬೆಲೆ ಹೆಚ್ಚು ಏರಿದರೆ ಮಾಲೀಕನ ಪಾಲಿಗೆ ಕೂಲಿ ಅಗ್ಗವಾಗಿ, ಅವನು ಇನ್ನಷ್ಟು ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಾನೆ. ಅಂದಾಜನ್ನು ಮೀರಿದ ಪ್ರತಿ ಶೇ. 1ರ ಬೆಲೆ ಏರಿಕೆಯಿಂದ ದೇಶಕ್ಕೆ 4 ಅಂಕದ ಲಾಭವಾಗುತ್ತದೆ ಎಂದುಕೊಳ್ಳಿ. ಹಣದುಬ್ಬರದಿಂದ ನಷ್ಟವೂ ಇದೆ, ಅದು ಏರುತ್ತ ಹೋದಂತೆ ಹೆಚ್ಚು ಹೆಚ್ಚಾಗಿ ಚುಚ್ಚುತ್ತದೆ: ಶೇ. 1ಕ್ಕೆ ಅರ್ಧ ಅಂಕ, 2ಕ್ಕೆ 2, 3ಕ್ಕೆ ನಾಲ್ಕೂವರೆ, 4ಕ್ಕೆ 8, 5ಕ್ಕೆ ಹನ್ನೆರಡೂವರೆ.

ಕೇಂದ್ರ ಬ್ಯಾಂಕು ಮಾರ್ಚ್‌ನಲ್ಲಿ ‘ಈ ವರ್ಷ ಹಣದುಬ್ಬರ ಸೊನ್ನೆ’ ಎಂದು ಘೋಷಿಸುತ್ತದೆ, ಮನಸ್ಸಿನಲ್ಲೂ ಹಾಗೆಯೇ ಇರುತ್ತದೆ. ಜನರು ನಂಬಿ ಸಹಿ ಹಾಕುತ್ತಾರೆ. ಆದರೆ ಮೇ ತಿಂಗಳಲ್ಲಿ ಕೂಲಿ ನಿಗದಿಯಾಗಿಬಿಟ್ಟಿದೆ. ಬ್ಯಾಂಕು ಹೊಸದಾಗಿ ಲೆಕ್ಕ ಹಾಕುತ್ತದೆ. ಹಣದುಬ್ಬರವನ್ನು 3ರಿಂದ 4ಕ್ಕೆ ಏರಿಸಿದರೆ ಮೂರೂವರೆ ಅಂಕ ನಷ್ಟ, 4 ಅಂಕ ಲಾಭ. 4ರಿಂದ 5ಕ್ಕೆ ಏರಿಸಿದರೆ ನಾಲ್ಕೂವರೆ ನಷ್ಟ, ಲಾಭ ಮಾತ್ರ 4ರಷ್ಟೇ. ಹಾಗಾಗಿ ಅದು ಶೇ. 4ರಲ್ಲಿ ನಿಲ್ಲುತ್ತದೆ. ಒಟ್ಟು ಲಾಭ 16, ನಷ್ಟ 8. ದೇಶಕ್ಕೆ ನಿಜಕ್ಕೂ ಒಳಿತೇ ಆಯಿತು.

ಆದರೆ ಇದು ಒಂದೇ ಬಾರಿಯ ಆಟ. ಕಾರ್ಮಿಕರಿಗೂ ಲೆಕ್ಕ ಬರುತ್ತದೆ. ಮುಂದಿನ ಏಪ್ರಿಲ್‌ನಲ್ಲಿ ಅವರು ಶೇ. 4ರ ಏರಿಕೆಯನ್ನು ಮೊದಲೇ ಕೂಲಿಗೆ ಸೇರಿಸಿಕೊಳ್ಳುತ್ತಾರೆ. ಈಗ ಬ್ಯಾಂಕು ಶೇ. 4ನ್ನೇ ಕೊಟ್ಟರೆ ಹೊಸ ಉದ್ಯೋಗ ಒಂದೂ ಇಲ್ಲ, 8 ಅಂಕದ ನಷ್ಟ ಮಾತ್ರ ಉಳಿಯುತ್ತದೆ. ಹಟ ಹಿಡಿದು ಸೊನ್ನೆಗೆ ಇಳಿಸಿದರೆ ಕೂಲಿ ದುಬಾರಿಯಾಗಿ, ಉದ್ಯೋಗ ಕುಸಿದು, 16 ಅಂಕ ಕೈಬಿಡುತ್ತವೆ. ಆದ್ದರಿಂದ ಅದು ಒಲ್ಲದ ಮನಸ್ಸಿನಿಂದ ಮತ್ತೆ ಶೇ. 4ನ್ನೇ ಕೊಡುತ್ತದೆ. ಇಲ್ಲಿ ಯಾರೂ ಮೋಸ ಹೋಗಿಲ್ಲ, ಯಾರೂ ತಪ್ಪು ಲೆಕ್ಕ ಹಾಕಿಲ್ಲ. ಆದರೂ ಸೊನ್ನೆ ಹಣದುಬ್ಬರ ಮತ್ತು ಅಷ್ಟೇ ಉದ್ಯೋಗ ಎಂಬ, ಎಲ್ಲರಿಗೂ ಮೇಲಾದ ಸ್ಥಿತಿ ಕೈತಪ್ಪಿದೆ. ಬ್ಯಾಂಕಿಗೆ ಮೇ ತಿಂಗಳ ಆ ಸ್ವಾತಂತ್ರ್ಯವೇ ಇಲ್ಲದಿದ್ದರೆ, ಅಂದರೆ ಮಾರ್ಚ್‌ನ ಮಾತನ್ನು ಮುರಿಯಲಾಗದಂತೆ ಅದರ ಕೈ ಕಟ್ಟಿದ್ದರೆ, ಜನರು ಸೊನ್ನೆಯನ್ನೇ ನಂಬುತ್ತಿದ್ದರು. 1983ರಲ್ಲಿ ರಾಬರ್ಟ್ ಬ್ಯಾರೊ ಮತ್ತು ಡೇವಿಡ್ ಗೋರ್ಡನ್ ಹಣಕಾಸು ನೀತಿಗೆ ಅನ್ವಯಿಸಿದ ವಾದದ ತಿರುಳು ಇದೇ.

ಹಾಗಿದ್ದರೆ ಕಟ್ಟು ಎಷ್ಟು ಬಿಗಿಯಿರಬೇಕು? ಮುಂಗಾರು ಕೈಕೊಟ್ಟು ತರಕಾರಿ ಬೆಲೆ ಏರಿದಾಗಲೂ ಅದೇ ಅಂಕಿಗೆ ಅಂಟಿಕೊಂಡು ಬಡ್ಡಿ ಏರಿಸಿದರೆ, ಆಹಾರದ ಕೊರತೆಯ ಜೊತೆಗೆ ನಿರುದ್ಯೋಗವನ್ನೂ ತಂದುಕೊಂಡಂತಾಗುತ್ತದೆ. ನಮ್ಮಲ್ಲಿ 2016ರಲ್ಲಿ ರಿಸರ್ವ್ ಬ್ಯಾಂಕ್ ಕಾಯ್ದೆಗೆ ತಂದ ತಿದ್ದುಪಡಿ ಪೂರ್ತಿ ಸ್ವಾತಂತ್ರ್ಯ ಮತ್ತು ಬಿಗಿಯಾದ ಕಟ್ಟು ಎಂಬ ಎರಡರ ನಡುವೆ ನಿಂತಿದೆ. ಗುರಿ ಶೇ. 4, ಅದರ ಮೇಲೆ ಕೆಳಗೆ ಶೇ. 2ರಷ್ಟು ಸಡಿಲವಿದೆ. ರಿಸರ್ವ್ ಬ್ಯಾಂಕು ಇತರ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿಯನ್ನು, ಅಂದರೆ ರೆಪೊ ದರವನ್ನು, ಆರು ಜನರ ಸಮಿತಿ ನಿರ್ಧರಿಸುತ್ತದೆ. ಸತತ ಮೂರು ತ್ರೈಮಾಸಿಕ ಆ ಮಿತಿಯ ಹೊರಗೆ ಉಳಿದರೆ ಕಾರಣವನ್ನೂ ಪರಿಹಾರವನ್ನೂ ಸರ್ಕಾರಕ್ಕೆ ಬರೆದು ತಿಳಿಸಬೇಕು. 2022ರಲ್ಲಿ ಹಣದುಬ್ಬರ ಹಾಗೆಯೇ ಶೇ. 6ನ್ನು ಮೀರಿ ನಿಂತಾಗ ಬ್ಯಾಂಕು ಆ ವರದಿಯನ್ನು ಸಲ್ಲಿಸಿತು, ಆದರೆ ಅದನ್ನು ಸಾರ್ವಜನಿಕರ ಮುಂದಿಡಲಿಲ್ಲ. ಇದು ನನಗೆ ಸರಿಯೆನಿಸಲಿಲ್ಲ, ಏಕೆಂದರೆ ಕಟ್ಟು ನಿಜವಾದದ್ದು ಎಂದು ನಂಬಬೇಕಾದವರು ಕೂಲಿ, ಬಾಡಿಗೆ, ಸಾಲದ ಕರಾರುಗಳಿಗೆ ಸಹಿ ಹಾಕುವ ಜನರು, ಸರ್ಕಾರವಲ್ಲ.

ನಿಮ್ಮ ಪಕ್ಷಕ್ಕೂ ಬಲವಾದ ವಕೀಲರಿದ್ದಾರೆ. ಅಮೆರಿಕದ ಫೆಡರಲ್ ರಿಸರ್ವ್‌ನ ಉಪಾಧ್ಯಕ್ಷರಾಗಿದ್ದ ಅಲನ್ ಬ್ಲೈಂಡರ್ ಅವರ ಪ್ರಕಾರ, ಅಚ್ಚರಿಯ ಹಣದುಬ್ಬರದಿಂದ ಉದ್ಯೋಗ ಹಿಗ್ಗಿಸುವ ಆಸೆಯೇ ಕೇಂದ್ರ ಬ್ಯಾಂಕಿನವರಿಗೆ ಸಾಮಾನ್ಯವಾಗಿ ಇರುವುದಿಲ್ಲ. ಆಸೆಯೇ ಇಲ್ಲದವನಿಗೆ ಕಟ್ಟೇಕೆ ಎಂಬುದು ಅದರಿಂದ ಹುಟ್ಟುವ ಪ್ರಶ್ನೆ. ಬ್ಯಾಂಕಿನ ಒಳಗಿನವರ ಮಟ್ಟಿಗೆ ಈ ಮಾತು ನಿಜವಿರಬಹುದು. ಆದರೆ ಚುನಾವಣೆಯ ವರ್ಷದಲ್ಲಿ ಬಡ್ಡಿ ಇಳಿಸಿ ಎಂಬ ಒತ್ತಡ ಬರುವುದು ಹೊರಗಿನಿಂದ. ಆಗ ‘ಕಾನೂನು ನನಗೆ ಅವಕಾಶ ಕೊಡುವುದಿಲ್ಲ’ ಎಂದು ಹೇಳಲು ಗವರ್ನರ್‌ಗೆ ಆಧಾರವಾಗುವುದು ನೀವು ಬೇಡವೆನ್ನುವ ಆ ಶೇ. 4ರ ಗುರಿಯೇ.