ಬಸ್ಸಿನ ಡ್ಯೂಟಿ ಮುಗಿಯದ ಅಪ್ಪ

(ಗುರುತು ಸಿಗದಂತೆ ಊರು, ಕೆಲಸ, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಮನೆಯವರ ಒಪ್ಪಿಗೆ ಇದೆ.)

ಸಲಹೆ ಕೇಳಲು ನನ್ನ ಹತ್ತಿರ ಬಂದವರು ಐವತ್ತು ದಾಟಿದ ಶಾಲಾ ಶಿಕ್ಷಕಿ. ಜೊತೆಗೆ ತಮ್ಮ. ಇಬ್ಬರೂ ಒಂದೇ ಮನೆಯಲ್ಲಿದ್ದು ತಾಯಿಯನ್ನು ನೋಡಿಕೊಳ್ಳುತ್ತಾರೆ. ತಾಯಿಗೆ 79 ವರ್ಷ, ಮೂರು ವರ್ಷದಿಂದ ಆಲ್ಝೈಮರ್ಸ್ ಮರೆವಿನ ಕಾಯಿಲೆ. ತಂದೆ ಬಸ್ ಕಂಡಕ್ಟರ್ ಆಗಿದ್ದವರು, ತೀರಿಕೊಂಡು ಆರು ವರ್ಷ.

ಸಂಜೆ ಐದೂವರೆ ಆಯಿತೆಂದರೆ ಅಮ್ಮ ಶುರು ಮಾಡುತ್ತಾರೆ. "ನಿಮ್ಮಪ್ಪ ಇನ್ನೂ ಬರ್ಲಿಲ್ಲ ಅಲ್ವಾ?"

"ಅಪ್ಪ ತೀರ್ಕೊಂಡು ಆರು ವರ್ಷ ಆಯ್ತಮ್ಮಾ" ಅನ್ನುವುದು ಟೀಚರ್ ಉತ್ತರ. "ಹುಬ್ಬಳ್ಳಿ ಟ್ರಿಪ್ ಹೋಗಿದ್ದಾರೆ, ನಾಳೆ ಬರ್ತಾರೆ" ಅನ್ನುವುದು ತಮ್ಮನ ಉತ್ತರ. ಅಕ್ಕನಿಗೆ ತಮ್ಮ ಸುಳ್ಳುಗಾರ, ತಮ್ಮನಿಗೆ ಅಕ್ಕ ಕಲ್ಲು ಮನಸ್ಸಿನವಳು. ನನ್ನ ಹತ್ತಿರ ಬಂದದ್ದು ಈ ಜಗಳ ತೀರಿಸಿಕೊಳ್ಳಲು.

ನಿಜ ಹೇಳಿದಾಗ ಏನಾಗುತ್ತದೆ ಎಂದು ಕೇಳಿದೆ. ಟೀಚರ್ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅಮ್ಮ ಅಳುತ್ತಾರಂತೆ. "ನಂಗೆ ಯಾರೂ ಹೇಳ್ಲೇ ಇಲ್ಲ, ಮುಖ ಸಹ ತೋರಿಸ್ಲಿಲ್ಲ" ಎನ್ನುತ್ತಾರಂತೆ. ಸೆರಗಿನಿಂದ ಕುಂಕುಮ ಒರೆಸಿಕೊಳ್ಳುತ್ತಾರೆ. ಬೆಳಿಗ್ಗೆ ಎದ್ದು ಮತ್ತೆ ಇಟ್ಟುಕೊಳ್ಳುತ್ತಾರೆ. ಹಿಂದಿನ ವಾರ ಗಾಜಿನ ಬಳೆಯನ್ನು ಬಾಗಿಲ ಚೌಕಟ್ಟಿಗೆ ಕುಟ್ಟಿ ಒಡೆದು ಮಣಿಕಟ್ಟು ಕೊಯ್ದುಕೊಂಡಿದ್ದರು. ಹೊಲಿಗೆ ಹಾಕಬೇಕಾಯಿತು. ಮಾರನೇ ದಿನ ಆ ಬ್ಯಾಂಡೇಜ್ ನೋಡಿ, "ಇದೇನೇ ಇದು?" ಎಂದು ಕೇಳಿದರಂತೆ.

ನಾನು ಮೊದಲು ವಿವರಿಸಿದ್ದು ಇದನ್ನೇ. ಈ ಕಾಯಿಲೆ ಹೊಸ ಸಂಗತಿಯನ್ನು ನೆನಪಿಗೆ ಇಳಿಸುವ ಮೆದುಳಿನ ಭಾಗವನ್ನು ಮೊದಮೊದಲೇ ಹಿಡಿಯುತ್ತದೆ. ಸುದ್ದಿ ನಿಲ್ಲುವುದಿಲ್ಲ, ಸಂಕಟ ಮಾತ್ರ ಉಳಿಯುತ್ತದೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು 2014ರಲ್ಲಿ ಇಂಥ ರೋಗಿಗಳಿಗೆ ದುಃಖದ ದೃಶ್ಯಗಳನ್ನು ತೋರಿಸಿ ನೋಡಿದ್ದರು. ನೋಡಿದ್ದು ಬೇಗ ಮರೆತುಹೋಯಿತು, ದುಃಖ ಮಾತ್ರ ಆಮೇಲೂ ಇತ್ತು. ನಾವು ಸತ್ಯ ಹೇಳುವುದು ಕೇಳಿದವರು ಅದನ್ನಿಟ್ಟುಕೊಂಡು ಏನಾದರೂ ಮಾಡಲಿ ಎಂದು: ಅಳಲಿ, ಒಪ್ಪಿಕೊಳ್ಳಲಿ, ಮುಂದೆ ಹೋಗಲಿ. ಈ ತಾಯಿಗೆ ಅಳುವುದಷ್ಟೇ ಸಿಗುತ್ತಿತ್ತು. ದಿನಾ ಮೊದಲ ಸಲ ವಿಧವೆಯಾಗುತ್ತಿದ್ದರು.

ತಮ್ಮ ಗೆದ್ದವನಂತೆ ನೋಡಿದ. ಅವನ ಸುಳ್ಳೂ ಸರಿ ಇರಲಿಲ್ಲ. "ನಾಳೆ ಬರ್ತಾರೆ" ಎಂದಮೇಲೆ ಅಮ್ಮ ಕಾಯುತ್ತಾರಲ್ಲ. ಒಂದು ರಾತ್ರಿ ಚಿಲಕ ತೆಗೆದು ಬಸ್ ಸ್ಟ್ಯಾಂಡಿನ ದಾರಿ ಹಿಡಿದಿದ್ದರು, ಕೈಯಲ್ಲಿ ಊಟದ ಡಬ್ಬಿ. ಇನ್ನೊಂದು ವಿಷಯ ಮಾತಿನ ಮಧ್ಯೆ ಬಾಯಿತಪ್ಪಿ ಬಂತು. ಬ್ಯಾಂಕಿನ ಫಾರಂಗೆ ಅಮ್ಮನ ಸಹಿ ಬೇಕಾದಾಗ ಅವನು "ಅಪ್ಪ ಹಾಕು ಅಂದಿದ್ದಾರೆ" ಎಂದಿದ್ದ. ದುಡ್ಡು ಅಮ್ಮನ ಔಷಧಿಗೇ ಹೋಗಿತ್ತು, ನಿಜ. ಆದರೂ ಅಲ್ಲಿ ಸುಳ್ಳು ಅಮ್ಮನ ಭಯ ಇಳಿಸಲಿಲ್ಲ, ಅವನ ಕೆಲಸ ಸುಲಭ ಮಾಡಿತು. ಅದನ್ನು ಅವತ್ತೇ ನಿಲ್ಲಿಸಬೇಕು, ಹಣದ ವ್ಯವಹಾರಕ್ಕೆ ವಕೀಲರನ್ನು ಕೇಳಿ ಸರಿಯಾದ ದಾರಿ ಮಾಡಿಕೊಳ್ಳಬೇಕು ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ.

ಎರಡನೇ ಭೇಟಿಗೆ ಟೀಚರ್ ಒಬ್ಬರೇ ಬಂದರು. ಸತ್ಯದ ಮೇಲೆ ಇಷ್ಟು ಹಟ ಯಾಕೆ ಎಂದು ಕೇಳಿದೆ. ಮಕ್ಕಳಿಗೆ ಪಾಠ ಹೇಳುವವಳು ಅಂತ ಶುರು ಮಾಡಿ, ಅಪ್ಪ ಹೋದ ದಿನಕ್ಕೆ ಬಂದು ನಿಂತರು. ಆಗ ಬೇರೆ ಊರಿನಲ್ಲಿದ್ದರು. ತಮ್ಮ ಫೋನ್ ಮಾಡಿ, "ಅಪ್ಪಂಗೆ ಸೀರಿಯಸ್ ಆಗಿದೆ, ಹೊರಟು ಬಾ" ಎಂದ. ಅಷ್ಟರಲ್ಲಿ ಅಪ್ಪ ಹೋಗಿ ಒಂದು ಗಂಟೆಯಾಗಿತ್ತು. ನಮ್ಮ ಕಡೆ ಎಲ್ಲರೂ ಹೇಳುವ ಸುಳ್ಳೇ ಇದು, ಹೇಳದ ಮನೆ ಇಲ್ಲ. ಇವರು ಬಸ್ ಬದಲಿಸುವ ಕಡೆ ಇಳಿದು ಅಪ್ಪನಿಗೆಂದು ಒಂದು ಕೆಜಿ ಮೂಸಂಬಿ ಕೊಂಡಿದ್ದರು. ಮನೆ ಮುಂದೆ ಶಾಮಿಯಾನ ಕಂಡಾಗ ಆ ಚೀಲ ಕೈಯಲ್ಲೇ ಇತ್ತು.

"ಬಂದವರೆಲ್ಲ ಆ ಚೀಲ ನೋಡ್ತಿದ್ರು ಸಾರ್."

ತಮ್ಮನಿಗೂ ಕಾರಣ ಇತ್ತು. ಒಬ್ಬಳೇ ಅಷ್ಟು ದೂರ ಬರಬೇಕು, ದಾರಿಯಲ್ಲಿ ಏನಾದರೂ ಆದರೆ ಎಂಬ ಭಯ. ಆದರೆ ದಾರಿಯ ಆ ಆರು ಗಂಟೆ ಟೀಚರ್‌ಗೆ ಸೇರಬೇಕಾದದ್ದು. ಅಳುತ್ತಾ ಬರಬಹುದಿತ್ತು, ಗೆಳತಿಯನ್ನು ಜೊತೆಗೆ ಕರೆದುಕೊಳ್ಳಬಹುದಿತ್ತು. ಸತ್ಯವನ್ನು ಹಿಡಿದುಕೊಳ್ಳುವ ಶಕ್ತಿ ಅವರಿಗಿತ್ತು. ತನಗಾದದ್ದು ಅಮ್ಮನಿಗೆ ಆಗಬಾರದು ಎಂದು ದಿನಾ ನಿಜ ಹೇಳುತ್ತಿದ್ದರು. ಅಮ್ಮನ ಸ್ಥಿತಿ ಬೇರೆ ಎಂದು ನಾನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ತಮ್ಮನ ಮೇಲಿನ ಸಿಟ್ಟು ಮಾತ್ರ ಹಾಗೇ ಇತ್ತು, ಇರಲಿ ಬಿಡಿ ಎಂದೆ.

ಆಮೇಲೆ ಸಲಹೆ. ಬ್ರಿಟನ್ನಿನ ಮೆಂಟಲ್ ಹೆಲ್ತ್ ಫೌಂಡೇಶನ್ ಈ ಪ್ರಶ್ನೆಯ ಮೇಲೆಯೇ 2016ರಲ್ಲಿ ಒಂದು ವರದಿ ತಂದಿತ್ತು. ಸತ್ಯಕ್ಕೆ ಹತ್ತಿರವಾದದ್ದರಿಂದ ಶುರು ಮಾಡಿ, ಆಗದಿದ್ದರೆ ಒಂದೊಂದೇ ಮೆಟ್ಟಿಲು ಇಳಿಯಿರಿ, ಸುಳ್ಳು ಕೊನೆಯ ಮೆಟ್ಟಿಲು ಎಂಬುದು ಅದರ ದಾರಿ. ನಾನೂ ಅದನ್ನೇ ಹಿಡಿದೆ.

ಮೊದಲು ಪ್ರಶ್ನೆ ಬಿಟ್ಟು ಪ್ರಶ್ನೆಯ ಹಿಂದಿನ ಸಂಕಟಕ್ಕೆ ಉತ್ತರ ಕೊಡಿ. "ಅಪ್ಪ ನೆನಪಾದ್ರಾ ಅಮ್ಮಾ? ಡ್ಯೂಟಿಯಿಂದ ಬರುವಾಗ ಏನ್ ತರ್ತಿದ್ರು?" ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಕೈ ಹಿಡಿದು, ಪಕ್ಕದಲ್ಲಿ ಕೂತು ಕೇಳಬೇಕು, ಅಡುಗೆಮನೆಯಿಂದ ಕೂಗಿ ಅಲ್ಲ. ಜೊತೆಗೆ ಆ ಹೊತ್ತನ್ನೇ ಬದಲಿಸಿ. ಈ ಕಾಯಿಲೆಯವರಿಗೆ ಮುಸ್ಸಂಜೆಗೆ ಗಲಿಬಿಲಿ ಜಾಸ್ತಿ. ಕತ್ತಲಾಗುವ ಮೊದಲೇ ದೀಪ ಹಾಕಿ. ಹಸಿವೋ, ಮೂತ್ರಕ್ಕೆ ಹೋಗಬೇಕೋ, ಮಂಡಿ ನೋವೋ ನೋಡಿ. ಎಷ್ಟೋ ಸಲ "ಅವರೆಲ್ಲಿ?" ಅನ್ನುವುದರ ಅರ್ಥ "ನಂಗೆ ಏನೋ ಆಗ್ತಿದೆ" ಅಂತ. ಒಂದೆರಡು ದಿನದಲ್ಲೇ ಗಲಿಬಿಲಿ ಇದ್ದಕ್ಕಿದ್ದಂತೆ ಹೆಚ್ಚಿದರೆ ಡಾಕ್ಟರಿಗೆ ತೋರಿಸಿ. ಮೂತ್ರದ ಸೋಂಕಿನಿಂದಲೂ ಹಾಗಾಗುತ್ತದೆ.

ಇದ್ಯಾವುದಕ್ಕೂ ಬಗ್ಗದೆ, ಅಮ್ಮ ಭಯದಿಂದ ಬಾಗಿಲಿಗೆ ಓಡಿದರೆ ಮಾತ್ರ ಒಂದು ಸಣ್ಣ ಸುಳ್ಳು. "ಡ್ಯೂಟಿ ಮೇಲಿದ್ದಾರಮ್ಮಾ, ನೀನು ಊಟ ಮಾಡಿ ಮಲ್ಕೋ." ಬರುತ್ತಾರೆ ಎಂಬ ಮಾತು ಬೇಡ. ಕಾಯಿಸುವ ಸುಳ್ಳು ಕೆಲಸಕ್ಕೆ ಬಾರದು. ಮನೆಯಲ್ಲಿ ಎಲ್ಲರೂ ಅದೇ ಒಂದು ವಾಕ್ಯ ಹೇಳಬೇಕು. ಯಾವಾಗ ಹೇಳಿದಿರಿ, ಆಮೇಲೆ ಅಮ್ಮ ಹೇಗಿದ್ದರು ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಇದಕ್ಕೊಂದು ಕಾರಣ ಇದೆ. ಕೊನೆಯ ಮೆಟ್ಟಿಲು ಬಹಳ ಬೇಗ ರೂಢಿಯಾಗಿಬಿಡುತ್ತದೆ. ಸುಸ್ತಾದ ದಿನ ಮೊದಲೇ ಅದಕ್ಕೆ ಇಳಿಯುತ್ತೇವೆ.

"ಅಮ್ಮ ನೆಟ್ಟಗೆ ಇದ್ದಾಗ ಕೇಳಿದ್ರೆ?" ಟೀಚರ್ ಪ್ರಶ್ನೆ. ಒಳ್ಳೆಯ ಪ್ರಶ್ನೆ. ಕೆಲವು ಬೆಳಿಗ್ಗೆ ಅವರ ಕಣ್ಣು ತಿಳಿಯಾಗಿರುತ್ತದೆ. "ಅವರು ಬರ್ಲಿಲ್ವಾ?" ಎಂದು ಕೇಳದೆ "ಅವರು ಹೋಗ್ಬಿಟ್ರಲ್ವಾ?" ಎಂದು ಕೇಳುತ್ತಾರೆ. ಆಗ ಹೌದು ಎನ್ನಿ, ಜೊತೆಗೆ ಕೂತು ಅಳಿ. ಅಲ್ಲಿ ಸುಳ್ಳು ಹೇಳಿದರೆ ಅವರಿಗೆ ನಿಮ್ಮ ಮೇಲಿನ ನಂಬಿಕೆ ಹೋಗುತ್ತದೆ, ತಮ್ಮದೇ ತಲೆಯ ಮೇಲಿನ ನಂಬಿಕೆಯೂ ಹೋಗುತ್ತದೆ.

ಐದು ವಾರದ ಮೇಲೆ ನೋಟ್‌ಬುಕ್ ತಂದರು. ಪ್ರಶ್ನೆ ನಿಂತಿಲ್ಲ. ಆದರೆ ಹೆಚ್ಚಿನ ದಿನ ಮೊದಲ ಮೆಟ್ಟಿಲಲ್ಲೇ ಮುಗಿದಿತ್ತು. ಅಪ್ಪ ಟಿಕೆಟ್ ಚೀಲದಲ್ಲಿ ಮಿರ್ಚಿ ಪೊಟ್ಟಣ ತರುತ್ತಿದ್ದರು, ಚೀಲ ಎಣ್ಣೆಯಾಗಿ ಬೈಸಿಕೊಳ್ಳುತ್ತಿದ್ದರು ಎಂಬ ಕಥೆಯನ್ನು ಅಮ್ಮ ಹದಿನೇಳು ಸಲ ಹೇಳಿದ್ದರು. ಡ್ಯೂಟಿಯ ವಾಕ್ಯ ಒಂಬತ್ತು ಸಲ ಬಳಕೆಯಾಗಿತ್ತು. ಒಂಬತ್ತೂ ತಮ್ಮನ ಮತ್ತು ಅವನ ಹೆಂಡತಿಯ ಅಕ್ಷರದಲ್ಲಿ.

"ನಂಗೆ ಬಾಯಿಗೆ ಬರಲ್ಲ ಸಾರ್" ಎಂದರು ಟೀಚರ್. "ಆಗೆಲ್ಲ ತಮ್ಮನ್ನ ಕರೀತೀನಿ."

ಕರೆಯಿರಿ ಎಂದೆ.